ನಾಲ್ಕನೇ ತರಗತಿಯ ಮಕ್ಕಳ ಓದಿನ ನಿರರ್ಗಳತೆ: ಕ್ರಿಯಾ ಸಂಶೋಧನಾ ಯೋಜನೆ

ಹಿನ್ನೆಲೆ
ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ನಮ್ಮ ಕಿರಿಯ ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಯಲ್ಲಿ 14 ಮಕ್ಕಳಿದ್ದು, ಅವರಲ್ಲಿ 8 ಮಂದಿ ಅಕ್ಷರಗಳನ್ನು ಬಲ್ಲವರಾದರೂ ತಡೆತಡೆದು ಓದುತ್ತಾರೆ. ‘ಅಜ್ಜಿ ಸಂತೆಯಿಂದ ಬೆಲ್ಲ ತಂದಳು’ ಎಂಬ ವಾಕ್ಯವನ್ನು ಒಬ್ಬ ಬಾಲಕಿ ಪ್ರತಿ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ‘ಬೆಲ್ಲ’ ಅವಳ ಬಾಯಲ್ಲಿ ‘ಬೆಲ’ ಆಯಿತು. ಅಜ್ಜಿ ಏನು ತಂದಳೆಂದು ಕೇಳಿದಾಗ ಅವಳು ಮತ್ತೆ ಪುಟದ ಕಡೆ ನೋಡಿದಳು. ನಲಿಕಲಿಯ ಕಾರ್ಡುಗಳಿಂದ ಪಠ್ಯಪುಸ್ತಕದ ಉದ್ದನೆಯ ಪಾಠಕ್ಕೆ ಬಂದ ಮಗುವಿಗೆ ಒತ್ತಕ್ಷರವೇ ಮೊದಲ ಎಡವುಗಲ್ಲಾಗಿದೆ ಎಂಬುದು ನನ್ನ ಊಹೆ.

ಸಂಶೋಧನಾ ಪ್ರಶ್ನೆ
ದಿನಕ್ಕೆ 20 ನಿಮಿಷ, ಜೋಡಿಯಲ್ಲಿ ಒಂದೇ ಭಾಗವನ್ನು ಮರುಮರು ಓದಿಸುವುದರಿಂದ ಈ 8 ಮಕ್ಕಳ ಓದಿನ ನಿಖರತೆ, ವೇಗ ಮತ್ತು ಭಾವಾನುಗುಣ ಧ್ವನಿಯಲ್ಲಿ ಯಾವ ಬದಲಾವಣೆಯಾಗುತ್ತದೆ, ಮತ್ತು ಆ ಬದಲಾವಣೆ ಅರ್ಥಗ್ರಹಿಕೆಗೂ ತಲುಪುತ್ತದೆಯೇ?

ಆವರ್ತಗಳು
ಯೋಜನೆ, ಕ್ರಿಯೆ, ವೀಕ್ಷಣೆ, ಚಿಂತನೆ ಎಂಬ ನಾಲ್ಕು ಹಂತಗಳು ಎರಡು ಆವರ್ತಗಳಲ್ಲಿ ನಡೆಯುತ್ತವೆ. ಮಳೆ ರಜೆಗಳಿಂದ ಜುಲೈ ತಿಂಗಳು ಹರಿದು ಹಂಚಿಹೋಗುವುದರಿಂದ ಮೊದಲನೆಯದನ್ನು ಆಗಸ್ಟ್‌ನಲ್ಲಿ ಆರಂಭಿಸಿ ಐದು ವಾರ ನಡೆಸಲಾಗುವುದು: ನಾನು ಓದಿ ಕೇಳಿಸುತ್ತೇನೆ, ಮಕ್ಕಳು ನನ್ನೊಡನೆ ಓದುತ್ತಾರೆ, ಬಳಿಕ ಜೋಡಿಗಳು ಪರಸ್ಪರ ಮೂರು ಬಾರಿ ಓದುತ್ತವೆ. ಎರಡನೆಯದು ದಸರಾ ರಜೆಯ ನಂತರ ಆರಂಭವಾಗಿ, ಕಾಫಿ ಕೊಯ್ಲು ಬಿರುಸಾಗಿ ಹಾಜರಾತಿ ಇಳಿಯುವ ಮೊದಲೇ, ನಾಲ್ಕು ವಾರಗಳಲ್ಲಿ ಮುಗಿಯಬೇಕು. ಅದರ ಸ್ವರೂಪವನ್ನು ಈಗಲೇ ಪೂರ್ತಿ ನಿಗದಿಪಡಿಸುವುದು ಸರಿಯಲ್ಲ. ಮೊದಲ ಆವರ್ತದ ತಪ್ಪುಗಳು ಒತ್ತಕ್ಷರಗಳಲ್ಲೇ ಉಳಿದರೆ ಓದಿಗೆ ಮುನ್ನ ಆ ಪದಗಳ ಅಭ್ಯಾಸ ಸೇರಿಸುತ್ತೇನೆ, ಧ್ವನಿಯ ಏರಿಳಿತವೇ ಕೊರತೆಯಾದರೆ ಸಂಭಾಷಣೆಗಳನ್ನು ಪಾತ್ರವಹಿಸಿ ಓದಿಸುತ್ತೇನೆ.

ದತ್ತಾಂಶ ಸಂಗ್ರಹ
ಪ್ರತಿ ಆವರ್ತದ ಮೊದಲು ಮತ್ತು ಕೊನೆಯಲ್ಲಿ ಪ್ರತಿ ಮಗುವಿನ ಒಂದು ನಿಮಿಷದ ಗಟ್ಟಿ ಓದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಲಾಗುವುದು. ಅಭ್ಯಾಸ ಮಾಡಿದ ಭಾಗವನ್ನೇ ಓದಿಸಿದರೆ ನೆನಪಿನ ಫಲವನ್ನು ಓದಿನ ಫಲವೆಂದು ಭ್ರಮಿಸುವ ಅಪಾಯವಿರುವುದರಿಂದ, ಪ್ರತಿ ಬಾರಿಯೂ ಸರಿಸುಮಾರು ಅಷ್ಟೇ ಒತ್ತಕ್ಷರಗಳಿರುವ ಹೊಸ ಭಾಗವನ್ನು ಬಳಸಲಾಗುವುದು. ಸರಿಯಾಗಿ ಓದಿದ ಪದಗಳ ಜೊತೆಗೆ ಅಕ್ಷರಗಳನ್ನೂ ಎಣಿಸುತ್ತೇನೆ, ಏಕೆಂದರೆ ಎರಡಕ್ಷರದ ‘ಮರ’ವನ್ನೂ ಹತ್ತಕ್ಷರದ ‘ಓದಿಕೊಳ್ಳುತ್ತಿದ್ದವರೆಲ್ಲರೂ’ ಎಂಬುದನ್ನೂ ಒಂದೊಂದೇ ಪದವೆಂದು ಎಣಿಸುವುದು ಕನ್ನಡದ ಮಗುವಿಗೆ ಅನ್ಯಾಯ.

ತಪ್ಪುಗಳನ್ನು ಒತ್ತಕ್ಷರ, ದೀರ್ಘ, ಅಲ್ಪಪ್ರಾಣ–ಮಹಾಪ್ರಾಣ, ಪದ ಬಿಡುವಿಕೆ ಎಂದು ವಿಂಗಡಿಸಿ, ಧ್ವನಿಯ ಏರಿಳಿತವನ್ನು ನಾಲ್ಕು ಹಂತದ ಮಾಪನಿಯಲ್ಲಿ ಗುರುತಿಸಿ, ಅರ್ಥಗ್ರಹಿಕೆಗೆ ಮೂರು ಮೌಖಿಕ ಪ್ರಶ್ನೆಗಳನ್ನು ಕೇಳಲಾಗುವುದು. ನನ್ನ ಪಕ್ಷಪಾತ ತಗ್ಗಿಸಲು ಸಹೋದ್ಯೋಗಿ ಶಿಕ್ಷಕಿಯೊಬ್ಬರು ಅವೇ ಮುದ್ರಣಗಳನ್ನು ಪ್ರತ್ಯೇಕವಾಗಿ ಕೇಳಿ ಅಂಕ ನೀಡುತ್ತಾರೆ. ಅಂಕಿಗಳಿಗೆ ಸಿಗದದ್ದನ್ನು, ಅಂದರೆ ಯಾರು ಓದಲು ತಾವಾಗಿಯೇ ಕೈಯೆತ್ತಿದರು, ಯಾರು ಪುಸ್ತಕ ಮುಚ್ಚಿ ಕುಳಿತರು ಎಂಬುದನ್ನು, ಅಂದೇ ಸಂಜೆ ದಿನಚರಿಯಲ್ಲಿ ಬರೆಯುತ್ತೇನೆ. ಧ್ವನಿಮುದ್ರಣಕ್ಕೆ ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆದು, ದಾಖಲೆಗಳಲ್ಲಿ ಹೆಸರಿನ ಬದಲು ಸಂಖ್ಯೆ ಬಳಸಲಾಗುವುದು; ಯಾವ ಮಗುವಿನ ಅಂಕವನ್ನೂ ತರಗತಿಯಲ್ಲಿ ಓದಿ ಹೇಳುವುದಿಲ್ಲ.

ವಿಶ್ಲೇಷಣೆ
ಮಗುವನ್ನು ಮತ್ತೊಂದು ಮಗುವಿನೊಡನೆ ಹೋಲಿಸದೆ, ಅದರದೇ ಹಿಂದಿನ ಓದಿನೊಡನೆ ಹೋಲಿಸಲಾಗುವುದು. ವೇಗ ಹೆಚ್ಚಿ ಅರ್ಥಗ್ರಹಿಕೆ ಕುಸಿದರೆ ಅದನ್ನು ಸುಧಾರಣೆಯೆಂದು ಪರಿಗಣಿಸುವುದಿಲ್ಲ.