ಊರಲ್ಲಿ ನಾಲ್ಕೂವರೆ

ನವೆಂಬರ್ ಕೊನೆಯಲ್ಲಿ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಮಧ್ಯಾಹ್ನ ಹನ್ನೆರಡಾದರೆ ಅರಸೀಕೆರೆ ಕಡೆ ಸಂಜೆ ನಾಲ್ಕೂವರೆ. ಚೇತನ್ ಭಾನುವಾರ ಮನೆಗೆ ವಿಡಿಯೋ ಕಾಲ್ ಮಾಡುವುದು ಆ ಹೊತ್ತಿಗೇ. ನಾಲ್ಕು ದಾಟುತ್ತಲೇ ಇಲ್ಲಿ ಕತ್ತಲು. ಟ್ಯೂಬ್‌ಲೈಟಿನ ಕೆಳಗೆ ಕೂತರೆ ಕಣ್ಣಿನ ಸುತ್ತಲ ಕಪ್ಪು ಎದ್ದು ಕಾಣುತ್ತದೆ. ಹಗಲಲ್ಲಿ ಕಿಟಕಿಗೆ ಮುಖ ಮಾಡಿ ಕೂತರೆ ಆ ತಾಪತ್ರಯವಿಲ್ಲ. ಬೆನ್ನ ಹಿಂದೆ ಬರೀ ಗೋಡೆ. ಒಗೆಯದ ಬಟ್ಟೆಯ ರಾಶಿ ಮಂಚದ ಆಚೆ.

ಅತ್ತಿದ್ದರೆ ಅರ್ಧ ಗಂಟೆ ಮೊದಲೇ ತಣ್ಣೀರಲ್ಲಿ ಮುಖ ತೊಳೆಯಬೇಕು, ಇಲ್ಲದಿದ್ದರೆ ಮೂಗಿನ ಕೆಂಪು ಇಳಿಯುವುದಿಲ್ಲ. ಮಾತಿನ ನಡುವೆ ಗಂಟಲು ಕಟ್ಟಿದರೆ 'ನೆಟ್‌ವರ್ಕ್ ಸರಿಯಿಲ್ಲ' ಅಂತ ವಿಡಿಯೋ ಆಫ್ ಮಾಡಿ, ಮ್ಯೂಟ್ ಒತ್ತಿ, ಒಂದು ಗುಟುಕು ನೀರು ಕುಡಿದು ಮತ್ತೆ ಬರುವುದು. ಇದು ಒಂದು ಕಾಲ್‌ಗೆ ಒಂದೇ ಸಲ. ಎರಡನೇ ಸಲಕ್ಕೆ ಅಮ್ಮನ ಹುಬ್ಬು ಗಂಟಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಅಪ್ಪನನ್ನು ಮಾತಿಗೆಳೆಯುವುದು.

"ಅಟ್ಟದ ಕಾಯಿ ಸುಲಿಸಿದ್ರಾ? ತಿಪಟೂರಲ್ಲಿ ಕೊಬ್ಬರಿ ರೇಟ್ ಹೆಂಗಿದೆ?"

ಅಪ್ಪ ಶುರು ಮಾಡಿದರು. ಅಟ್ಟಕ್ಕೆ ಹಾಕಿ ಹತ್ತು ತಿಂಗಳು. ಅಲ್ಲಾಡಿಸಿದರೆ ಒಳಗೆ ಗುಂಡು ಹೊರಳುವ ಸದ್ದು ಬರಬೇಕು, ಇನ್ನೂ ನೀರು ಕುಲುಕುತ್ತಿದೆ, ಈಗ ಒಡೆಸಿದರೆ ನಷ್ಟ. ಕೆಳಗಿನ ತೋಟಕ್ಕೆ ಕಪ್ಪುತಲೆ ಹುಳ ಬಿದ್ದು ಗರಿಯೆಲ್ಲ ಒಣಗಿದೆ. ಚೇತನ್ ಹೂಂಗುಟ್ಟಿದ. ಆ ತೋಟದ ಪತ್ರ ಅವನ ಓದಿನ ಸಾಲಕ್ಕೆ ಬ್ಯಾಂಕಿನಲ್ಲಿತ್ತು. ಗುರುವಾರ ಬಂದ ರಿಸಲ್ಟ್‌ನಲ್ಲಿ ಅದೇ ಪೇಪರ್ ಎರಡನೇ ಸಲ ಹೋಗಿತ್ತು. ಉಳಿದಿರುವುದು ಒಂದೇ ಅವಕಾಶ. ಅದೂ ಹೋದರೆ ಕೋರ್ಸಿನಿಂದಲೇ ಹೊರಗೆ.

ಅಪ್ಪ ಮೋಟರ್ ಆಫ್ ಮಾಡಲು ಎದ್ದು ಹೋದರು. ಫೋನು ಅಮ್ಮನ ಕೈಗೆ ಬಂತು.

"ಊಟ ಆಯ್ತೇನೋ?"

"ಆಯ್ತಮ್ಮ. ಅನ್ನ, ಸಾರು, ನಿನ್ನ ಉಪ್ಪಿನಕಾಯಿ."

"ಎಲ್ಲಿ, ಬಾಟ್ಲಿ ತೋರ್ಸು. ಬೂಷ್ಟು ಬಂದೈತೇನೋ ನೋಡ್ತೀನಿ."

ಇದಕ್ಕೆ ಅವನು ತಯಾರಾಗಿರಲಿಲ್ಲ. ಹೊಸದಾಗಿ ಓದಲು ಬಂದ ಹುಡುಗನೊಬ್ಬನ ಕೈಲಿ ಅಮ್ಮ ಅಕ್ಟೋಬರ್‌ನಲ್ಲಿ ಕಳಿಸಿದ್ದ ಬಾಟಲಿ. ಎಣ್ಣೆ ಸೋರದಿರಲೆಂದು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ, ಕಂದು ಟೇಪನ್ನು ನಾಲ್ಕು ಸುತ್ತು ಸುತ್ತಿದ್ದಳು. ಟೇಪು ಹಾಗೇ ಇತ್ತು. ಬೆರಳಿನಿಂದ ಮುಚ್ಚಿ ಹಿಡಿದರೂ ಕಂಡೇಬಿಟ್ಟಿತು.

ಅಮ್ಮ ಬೈಯಲಿಲ್ಲ. ಎದ್ದು ಹಿತ್ತಲಿಗೆ ಬಂದು ಬಾಗಿಲು ಮುಂದೆ ಮಾಡಿದಳು.

"ನಿಮ್ಮಪ್ಪ ಬರೋಕೆ ಇನ್ನೂ ಹೊತ್ತೈತೆ. ಏನಾಯ್ತು ಹೇಳು."

"ಏನಿಲ್ಲಮ್ಮ, ನೆಟ್‌ವರ್ಕ್..."

"ನೆಟ್‌ವರ್ಕ್ ಚೆನ್ನಾಗೇ ಐತೆ ಕಣೋ."

ಅವನ ಹೆಬ್ಬೆರಳು ಮ್ಯೂಟ್ ಮೇಲೆ ಹೋಯಿತು. ಒತ್ತಲಿಲ್ಲ.

"ಒಂದು ಪೇಪರ್ ಹೋಯ್ತಮ್ಮ. ಎರಡನೇ ಸಲ."

"ಇನ್ನೊಂದು ಸಲ ಬರೀಬೋದಾ?"

"ಒಂದೇ ಒಂದು ಸಲ. ಫೆಬ್ರವರೀಲಿ."

"ಸರಿ. ರಾತ್ರಿ ಕೆಲ್ಸ ಅಲ್ಲೀವರ್ಗೂ ಬಿಡು. ದುಡ್ಡಿಂದು ನಿಮ್ಮಪ್ಪಂಗೆ ನಾನು ಹೇಳ್ತೀನಿ. ಈಗ ಅನ್ನಕ್ಕಿಡು, ಫೋನ್ ಅಲ್ಲೇ ಒರಗಿಸ್ಕೊ. ಮತ್ತೆ ಆ ಟೇಪ್ ಕೈಲಿ ಬರಲ್ಲ, ಚಾಕು ತಗೋ."