ರಸಾಯನಶಾಸ್ತ್ರ ಪ್ರಾಯೋಗಿಕ ಪರೀಕ್ಷೆಯ ದಿನಾಂಕ ಬದಲಾವಣೆ ಕೋರಿ ಪ್ರಾಂಶುಪಾಲರಿಗೆ ಪತ್ರ

ದಿನಾಂಕ: 6 ಫೆಬ್ರವರಿ 2025, ಗುರುವಾರ

ಇವರಿಂದ:
ರಾಜಶೇಖರ್
(ಮೇಘನಾ ಆರ್., 12ನೇ ತರಗತಿ, ವಿಜ್ಞಾನ ವಿಭಾಗ, ‘ಬಿ’ ಸೆಕ್ಷನ್, ರೋಲ್ ನಂಬರ್ 27, ಇವಳ ತಂದೆ)

ಇವರಿಗೆ:
ಮಾನ್ಯ ಪ್ರಾಂಶುಪಾಲರು

ಮಾನ್ಯರೇ,

ವಿಷಯ: ತುರ್ತು ಶಸ್ತ್ರಚಿಕಿತ್ಸೆಯ ಕಾರಣ, ಫೆಬ್ರವರಿ 10ರ ರಸಾಯನಶಾಸ್ತ್ರ ಪ್ರಾಯೋಗಿಕ ಪರೀಕ್ಷೆಯನ್ನು ಮುಂದಿನ ತಂಡದೊಂದಿಗೆ ಬರೆಯಲು ಅನುಮತಿ ಕೋರಿ.

ನನ್ನ ಮಗಳು ಮೇಘನಾಳನ್ನು ನಿನ್ನೆ ಮಧ್ಯಾಹ್ನ ಆಸ್ಪತ್ರೆಗೆ ದಾಖಲಿಸಿದ್ದೇವೆ. ನಿನ್ನೆ ಸಂಜೆಯೇ ಅವಳಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿದೆ. ಅಪಾಯವೇನೂ ಇಲ್ಲ, ಚೇತರಿಸಿಕೊಳ್ಳುತ್ತಿದ್ದಾಳೆ. ಆದರೆ ಬರುವ ಸೋಮವಾರ, ಅಂದರೆ 10ರಂದು, ಮೊದಲ ತಂಡದಲ್ಲಿ ಅವಳಿಗೆ ನಿಗದಿಯಾಗಿರುವ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗುವುದು ಸಾಧ್ಯವಿಲ್ಲ. 19ರಂದು ನಡೆಯಲಿರುವ ಕೊನೆಯ ತಂಡದೊಂದಿಗೆ ಅವಳಿಗೆ ಅವಕಾಶ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಂಗಳವಾರ ಅವಳು ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯನ್ನು ಮುಗಿಸಿಕೊಂಡೇ ಮನೆಗೆ ಬಂದಿದ್ದಳು. ರಾತ್ರಿ ಹೊಕ್ಕುಳ ಸುತ್ತ ನೋವು ಎಂದಳು. ಪರೀಕ್ಷೆಯ ದಿನ ಹೊತ್ತಿಗೆ ಸರಿಯಾಗಿ ಊಟ ಮಾಡದೆ ಹಾಗಾಗಿರಬೇಕು ಎಂದುಕೊಂಡೆವು. ಬೆಳಗಿನ ಜಾವ ವಾಂತಿ ಶುರುವಾಯಿತು, ಬೆಳಕು ಹರಿಯುವ ಹೊತ್ತಿಗೆ ಜ್ವರವೂ ಬಂತು, ನೋವು ಹೊಟ್ಟೆಯ ಬಲಭಾಗದ ಕೆಳಗೆ ಇಳಿದು ಅಲ್ಲೇ ನಿಂತಿತು. ಸ್ಕ್ಯಾನಿಂಗ್ ಮಾಡಿಸಿದಾಗ ಅಪೆಂಡಿಕ್ಸ್ ಊದಿಕೊಂಡಿರುವುದು ಕಾಣಿಸಿತು. ಅದು ಒಡೆದರೆ ಸೋಂಕು ಹೊಟ್ಟೆಯೊಳಗೆಲ್ಲ ಹರಡುತ್ತದೆ, ಕಾಯುವಂತಿಲ್ಲ ಎಂದು ಶಸ್ತ್ರಚಿಕಿತ್ಸಕರು ಹೇಳಿದ ಮೇಲೆ ನಮಗೆ ಯೋಚಿಸಲು ಬೇರೇನೂ ಉಳಿದಿರಲಿಲ್ಲ. ತಮಗೆ ಮೊದಲೇ ತಿಳಿಸಲು ಆಗದೆ ಹೋದದ್ದು ಇದರಿಂದಲೇ. ತರಗತಿ ಶಿಕ್ಷಕರಿಗೆ ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದ್ದೇನೆ.

ಶಸ್ತ್ರಚಿಕಿತ್ಸೆ ನಡೆದದ್ದು ಲ್ಯಾಪ್ರೊಸ್ಕೋಪಿ ವಿಧಾನದಲ್ಲಿ. ಹೊಟ್ಟೆಯ ಮೇಲೆ ಮೂರು ಸಣ್ಣ ಗಾಯಗಳಿವೆ, ಅಷ್ಟೇ. ಸಾಮಾನ್ಯವಾಗಿ ಇಂಥ ರೋಗಿಗಳನ್ನು ಬೇಗ ಮನೆಗೆ ಕಳುಹಿಸುತ್ತಾರಂತೆ. ಮೇಘನಾಳ ವಿಷಯದಲ್ಲಿ ಕೀವು ಕಟ್ಟಲು ಆರಂಭವಾಗಿದ್ದರಿಂದ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡುತ್ತಿದ್ದಾರೆ. ಎಲ್ಲವೂ ಸರಿಯಿದ್ದರೆ ಭಾನುವಾರ ಬಿಡುಗಡೆ, 14ರಂದು ಹೊಲಿಗೆ ಬಿಚ್ಚುವುದು, ಅದಾದ ಮೇಲೆ ಶಾಲೆಗೆ ಹೋಗಬಹುದು ಎಂಬುದು ವೈದ್ಯರ ಅಭಿಪ್ರಾಯ. ನಾನು 19ನೇ ತಾರೀಖನ್ನು ಕೇಳುತ್ತಿರುವುದು ಈ ಲೆಕ್ಕದ ಮೇಲೆ.

ಭಾನುವಾರ ಮನೆಗೆ ಬಂದರೆ ಸೋಮವಾರ ಕಾರಿನಲ್ಲಿ ಕರೆದುಕೊಂಡು ಹೋಗಿ ಕೂರಿಸಿ ಬರೆಸಿಬಿಡಿ ಎಂದು ಬಂಧುಗಳೊಬ್ಬರು ಸಲಹೆ ಕೊಟ್ಟರು. ಲಿಖಿತ ಪರೀಕ್ಷೆಯಾಗಿದ್ದರೆ ನಾನೂ ಆ ಮಾತನ್ನು ವೈದ್ಯರ ಮುಂದಿಡುತ್ತಿದ್ದೆನೇನೋ. ಪ್ರಯೋಗಾಲಯದ ಕೆಲಸ ಕುಳಿತು ಮಾಡುವಂಥದ್ದಲ್ಲ. ಬ್ಯುರೆಟ್‌ನ ಅಳತೆ ನೋಡಲು ಪ್ರತಿ ಸಲವೂ ಕಣ್ಣನ್ನು ದ್ರವದ ಮಟ್ಟಕ್ಕೆ ತರಬೇಕು, ಅಂದರೆ ಬಗ್ಗಬೇಕು. ಒಂದಕ್ಕೊಂದು ತಾಳೆಯಾಗುವ ಅಳತೆಗಳು ಸಿಗುವವರೆಗೆ ಟೈಟ್ರೇಷನ್ ಮತ್ತೆ ಮತ್ತೆ ಮಾಡಬೇಕು. ಅದು ಮುಗಿದರೆ ಲವಣ ವಿಶ್ಲೇಷಣೆ. ಅಮೋನಿಯ, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಗೆ ಗಟ್ಟಿಮುಟ್ಟಾದವರಿಗೇ ಕೆಮ್ಮು ಬರುತ್ತದೆ. ಹೊಲಿಗೆ ಹಸಿಯಾಗಿರುವಾಗ ಕೆಮ್ಮುವುದೆಂದರೆ ಏನೆಂದು ಇಂದು ಬೆಳಿಗ್ಗೆ ಕಣ್ಣಾರೆ ಕಂಡಿದ್ದೇನೆ: ಎರಡು ಕೈಗಳಿಂದ ಹೊಟ್ಟೆಗೆ ದಿಂಬನ್ನು ಅವುಚಿಕೊಂಡು, ಮೆಲ್ಲಗೆ, ಕಂತು ಕಂತಾಗಿ ಕೆಮ್ಮುತ್ತಾಳೆ. ಆ ಸ್ಥಿತಿಯಲ್ಲಿ ಅವಳ ಕೈಗೆ ಆಮ್ಲದ ಬಾಟಲಿ ಕೊಡುವುದು ಅವಳಿಗೂ ಕ್ಷೇಮವಲ್ಲ, ಪಕ್ಕದಲ್ಲಿ ನಿಂತ ಮಕ್ಕಳಿಗೂ ಅಲ್ಲ.

ಪರೀಕ್ಷೆ ತಪ್ಪಿಸಿಕೊಳ್ಳುವ ಯೋಚನೆ ಮೇಘನಾಳಿಗೆ ಲವಲೇಶವೂ ಇಲ್ಲ ಎಂಬುದನ್ನು ಅವಳ ಪರವಾಗಿ ಹೇಳಲೇಬೇಕು. ಅರಿವಳಿಕೆಯ ಮಂಪರು ಇಳಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ರೆಕಾರ್ಡ್ ಪುಸ್ತಕದ ಬಗ್ಗೆ. ಕೊನೆಯ ಎರಡು ಪ್ರಯೋಗಗಳಿಗೆ ಶಿಕ್ಷಕರ ಸಹಿ ಆಗಬೇಕಿದೆಯಂತೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಬಣ್ಣ ಗಾಢವಾದ್ದರಿಂದ ಅದರ ಅಳತೆಯನ್ನು ಮೇಲಂಚಿನಲ್ಲಿ ಓದಬೇಕೆಂದು ಹಾಸಿಗೆಯಲ್ಲೇ ನನಗೆ ಪಾಠ ಹೇಳಿಕೊಟ್ಟಿದ್ದಾಳೆ. ಇಷ್ಟೆಲ್ಲ ತಯಾರಾಗಿರುವ ಹುಡುಗಿಗೆ ಅಂಕಗಳಲ್ಲಿ ರಿಯಾಯಿತಿಯಾಗಲಿ, ಸುಲಭದ ಪ್ರಯೋಗವಾಗಲಿ ಬೇಡ. ಉಳಿದವರಿಗೆ ಇರುವ ಅದೇ ಚೀಟಿ, ಅದೇ ಸಮಯ, ಅದೇ ಮೌಖಿಕ ಪರೀಕ್ಷೆ ಅವಳಿಗೂ ಇರಲಿ. ದಿನ ಮಾತ್ರ ಬೇರೆಯಾಗಲಿ.

ಸೂಚನಾ ಫಲಕದ ಪಟ್ಟಿಯ ಪ್ರಕಾರ 19ರವರೆಗೂ ಬಾಹ್ಯ ಪರೀಕ್ಷಕರು ಶಾಲೆಗೆ ಬರುತ್ತಾರೆ. ಆದ್ದರಿಂದ ಅವಳೊಬ್ಬಳಿಗಾಗಿ ಪ್ರತ್ಯೇಕ ವ್ಯವಸ್ಥೆ ಬೇಕಾಗಲಾರದು, ಕೊನೆಯ ತಂಡದಲ್ಲಿ ಒಂದು ಜಾಗ ಸಿಕ್ಕರೆ ಸಾಕು ಎಂದು ಭಾವಿಸಿದ್ದೇನೆ. ಅಂದು ಜಾಗವಿಲ್ಲದಿದ್ದರೆ 17 ಅಥವಾ 18 ಕೂಡ ಆಗಬಹುದು. ತಂಡ ಬದಲಿಸುವ ಅಧಿಕಾರ ಶಾಲೆಯ ಕೈಯಲ್ಲಿಲ್ಲ, ಪರೀಕ್ಷಾ ಮಂಡಳಿಯ ಒಪ್ಪಿಗೆ ಬೇಕು ಎಂದಾದರೆ, ತಮ್ಮ ಶಿಫಾರಸಿನೊಂದಿಗೆ ಈ ಅರ್ಜಿಯನ್ನು ಸೋಮವಾರಕ್ಕೆ ಮುಂಚೆ ಮಂಡಳಿಗೆ ಕಳುಹಿಸಿಕೊಡಬೇಕು. ನಾನು ತುಂಬಬೇಕಾದ ನಮೂನೆ, ಬರೆದುಕೊಡಬೇಕಾದ ಮುಚ್ಚಳಿಕೆ ಯಾವುದಿದ್ದರೂ ತಿಳಿಸಿದ ದಿನವೇ ತಲುಪಿಸುತ್ತೇನೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಈ ಅರ್ಜಿ ಇತ್ಯರ್ಥವಾಗುವ ಮೊದಲು 10ರ ಅಂಕಪಟ್ಟಿಯಲ್ಲಿ ಮೇಘನಾಳ ಹೆಸರಿನ ಮುಂದೆ ‘ಗೈರುಹಾಜರು’ ಎಂದು ನಮೂದಿಸದಂತೆ ರಸಾಯನಶಾಸ್ತ್ರ ವಿಭಾಗಕ್ಕೂ ಪರೀಕ್ಷಕರಿಗೂ ದಯವಿಟ್ಟು ಸೂಚನೆ ಕೊಡಿ. ಒಮ್ಮೆ ದಾಖಲೆಗೆ ಏರಿದ ಪದವನ್ನು ಇಳಿಸಲು ಎಷ್ಟು ಮೇಜುಗಳನ್ನು ಸುತ್ತಬೇಕಾಗುತ್ತದೆ ಎಂಬುದು ಕಚೇರಿಯಲ್ಲೇ ಕೆಲಸ ಮಾಡುವ ನನಗೆ ಚೆನ್ನಾಗಿ ಗೊತ್ತು. ‘ವೈದ್ಯಕೀಯ ಕಾರಣ, ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಒಂದು ಟಿಪ್ಪಣಿ ಇದ್ದರೆ ಮುಂದಿನದಕ್ಕೆ ದಾರಿ ತೆರೆದಿರುತ್ತದೆ.

ಆಸ್ಪತ್ರೆಯ ದಾಖಲಾತಿ ಪ್ರಮಾಣಪತ್ರ, ಸ್ಕ್ಯಾನಿಂಗ್ ವರದಿಯ ಪ್ರತಿ ಮತ್ತು ಶಸ್ತ್ರಚಿಕಿತ್ಸಕರ ಸಹಿ, ಮೊಹರು ಇರುವ ಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಬಿಡುಗಡೆಯ ಸಾರಾಂಶ ಕೈಗೆ ಬಂದ ಕೂಡಲೇ ಅದನ್ನೂ, ಹೊಲಿಗೆ ಬಿಚ್ಚಿದ ನಂತರ ಪರೀಕ್ಷೆಗೆ ಹಾಜರಾಗಲು ಸಮರ್ಥಳು ಎಂಬ ವೈದ್ಯರ ಪ್ರಮಾಣಪತ್ರವನ್ನೂ ಸಲ್ಲಿಸುತ್ತೇನೆ.

ಈ ಪತ್ರವನ್ನು ನನ್ನ ಹಿರಿಯ ಮಗ ನಾಳೆ ಬೆಳಿಗ್ಗೆ ಶಾಲೆಯ ಕಚೇರಿಗೆ ತರುತ್ತಾನೆ. ನಕಲು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಡಬೇಕೆಂದು ಕೋರುತ್ತೇನೆ. ರೆಕಾರ್ಡ್ ಪುಸ್ತಕವೂ ಅವನ ಕೈಯಲ್ಲೇ ಇರುತ್ತದೆ, ಶಿಕ್ಷಕರು ಬಿಡುವಿದ್ದಾಗ ನೋಡಿ ಸಹಿ ಮಾಡಿದರೆ ಉಪಕಾರವಾಗುತ್ತದೆ. ನಾನು ಆಸ್ಪತ್ರೆಯಲ್ಲೇ ಇರುತ್ತೇನೆ. ಪ್ರವೇಶ ಅರ್ಜಿಯಲ್ಲಿ ಕೊಟ್ಟಿರುವ ಮೊಬೈಲ್ ಸಂಖ್ಯೆ ಬದಲಾಗಿಲ್ಲ, ವಾರ್ಡಿನಲ್ಲಿ ಕರೆ ಸಿಗದಿದ್ದರೆ ಒಂದು ಸಂದೇಶ ಹಾಕಿದರೂ ಸಾಕು, ಹೊರಗೆ ಬಂದು ನಾನೇ ಕರೆ ಮಾಡುತ್ತೇನೆ. ತಾವು ಕರೆದರೆ ಖುದ್ದಾಗಿ ಬಂದು ಕಾಣಲೂ ಸಿದ್ಧನಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ರಾಜಶೇಖರ್

ಲಗತ್ತು: ಮೇಲೆ ಹೇಳಿದ ಮೂರು ದಾಖಲೆಗಳು

ಪ್ರತಿ: ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ ಮತ್ತು 12ನೇ ‘ಬಿ’ ಸೆಕ್ಷನ್‌ನ ತರಗತಿ ಶಿಕ್ಷಕರಿಗೆ, ಮಾಹಿತಿಗಾಗಿ