ಅಕ್ಕಾ, ಆ ಮೆಸೇಜ್ ಬಗ್ಗೆ

ಅಕ್ಕಾ, ಮೊನ್ನೆ ಗ್ರೂಪಲ್ಲಿ "ಅಮ್ಮನ ಆಪರೇಷನ್ ದಿನ ನೀನು ಬರೋದೇನೂ ಬೇಡ, ನಾನು ನೋಡ್ಕೋತೀನಿ" ಅಂತ ಹಾಕಿದ್ನಲ್ಲ, ಅದು ನಿನ್ನ ದೂರ ಇಡೋಕೆ ಬರೆದಿದ್ದಲ್ಲ. ನಿಂಗೆ ಬೇಜಾರಾಗಿದೆ ಅಂತ ಗೊತ್ತಾಯ್ತು, ಅದಕ್ಕೇ ಬರೀತಿದೀನಿ.

ನನ್ನ ತಲೇಲಿ ಇದ್ದಿದ್ದು ನಿನ್ನ ರಜೆ ಲೆಕ್ಕ ಅಷ್ಟೇ. ಕಣ್ಣಿನ ಪೊರೆ ಆಪರೇಷನ್ ಅಂದ್ರೆ ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸ್ತಾರೆ, ನಮಗೆ ಹೊರಗೆ ಕೂತು ಕಾಯೋದು ಬಿಟ್ರೆ ಬೇರೆ ಕೆಲಸ ಇರಲ್ಲ, ಆಮೇಲೇ ಜನ ಬೇಕಾಗೋದು, ಟೈಮ್ ಟೈಮಿಗೆ ಡ್ರಾಪ್ಸ್ ಹಾಕ್ಬೇಕು, ಕಣ್ಣಿಗೆ ನೀರು ಬೀಳದಂಗೆ ನೋಡ್ಬೇಕು, ಭಾರ ಎತ್ತೋಕೆ ಬಿಡಬಾರ್ದು, ಅಮ್ಮ ನನ್ನ ಮಾತು ಕೇಳಿದ ಹಾಗೇನೇ (ನೀನು ಒಂದ್ಸಲ ಗದರಿದ್ರೆ ಮಾತ್ರ ಸುಮ್ನೆ ಕೂರ್ತಾಳೆ). ಇರೋ ರಜೇನ ಆಗ ಹಾಕಿದ್ರೆ ಅವಳ ಜೊತೆ ಜಾಸ್ತಿ ದಿನ ಇರ್ಬೋದಲ್ಲ ಅಂತ.

ಆದ್ರೆ ಅವತ್ತೇ ಬರ್ಬೇಕು ಅಂತ ನಿಂಗಿದ್ರೆ ಖಂಡಿತಾ ಬಾ, ಅಮ್ಮಂಗೂ ಧೈರ್ಯ. ಆಮೇಲೆ ನಾವು ಫೋನಲ್ಲಿ ಆಡಿದ್ದು ನನ್ನ ಮನಸ್ಸಲ್ಲೇನೂ ಇಲ್ಲ, ಅದನ್ನ ಮತ್ತೆ ತೆಗೆಯೋದು ಬೇಡ.

ಶುಕ್ರವಾರ ಡೇಟ್ ಹೇಳ್ತಾರಂತೆ. ಗೊತ್ತಾದ ತಕ್ಷಣ ನಿಂಗೇ ಮೊದಲು ಫೋನ್ ಮಾಡ್ತೀನಿ, ನೋಡ್ಕೊಂಡು ರಜೆ ಹಾಕು.